ಉದ್ರಿ ಕೇಳಿದ ಪತ್ರ

ಮಲೀಕಾ ಮಹಾರಾಷ್ಟ್ರದ ಗಡಿಯಲ್ಲಿರುವ, ಕನ್ನಡ ಮಾತಾಡುವ ಜತ್ತಿನ ಬಸ್‌ಸ್ಟ್ಯಾಂಡಿನ ಹಿಂದಿನ ಸೈಬರ್ ಕೆಫೆಯಲ್ಲಿ ಕೂತು ಚಾದರ ಮಾರುತ್ತಾಳೆಂದರೆ ಮೊದಮೊದಲು ಯಾರೂ ನಂಬಲಿಲ್ಲ. ಹರಾಜಿನ ವೆಬ್‌ಸೈಟಿನಲ್ಲಿ ಫೋಟೊ ಹಾಕುವುದು, ಬೆಲೆ ಕೂಗಿದವರಿಗೆ ಉತ್ತರ ಬರೆಯುವುದು, ದುಡ್ಡು ಬಂದ ಮೇಲೆ ಪೋಸ್ಟ್ ಆಫೀಸಿಗೆ ಹೋಗಿ ಪಾರ್ಸೆಲ್ ಕಳಿಸುವುದು, ಇವೆಲ್ಲ ಅವಳ ಕೆಲಸ. ದರ್ಜಿಯಾದ ಗಂಡ ಜಮೀರ ತನ್ನ ಹೊಲಿಗೆಯ ನಡುವೆ ಪಾರ್ಸೆಲ್ಲಿಗೆ ಬಟ್ಟೆಯ ಚೀಲ ಹೊಲಿದುಕೊಡುತ್ತಿದ್ದ. ಮಾಲು ಕೊಡುತ್ತಿದ್ದವನು ಅವಳ ತಾಯಿಯ ತಮ್ಮ ಗುಲಾಬ ಮಾಮು. ಸಂತೆಯಿಂದ ಸಂತೆಗೆ ಅರಿವೆ ಮಾರುತ್ತಿದ್ದ ಅವನು ಸೊಲ್ಲಾಪುರದ ಹೆಸರಾಂತ ಗುರುತಿನ ಚಾದರಗಳನ್ನು ಅಗ್ಗದ ದರಕ್ಕೆ ತಂದುಕೊಡುತ್ತಿದ್ದ.

೨೦೦೭ರ ದೀಪಾವಳಿಯ ಹೊತ್ತಿಗೆ ಬೇಡಿಕೆ ಮಾಮುವಿನ ಗಂಟಿಗೆ ಮೀರಿತು. ಚಾದರಕ್ಕೆ ಹಚ್ಚಿದ ಹೆಸರಿನ ಪಟ್ಟಿಯ ಮೇಲೆಯೇ ಅದನ್ನು ಸಗಟಾಗಿ ಮಾರುವ ಸೊಲ್ಲಾಪುರದ ಪೇಢಿಯ ವಿಳಾಸವಿತ್ತು. ನೇರ ಅಲ್ಲಿಂದಲೇ ತರಿಸಿದರಾಯಿತೆಂದು ಮಲೀಕಾ ಮರಾಠಿಯಲ್ಲಿ ಪತ್ರ ಬರೆದಳು. ತಾನು ಇಂಟರ್‌ನೆಟ್ಟಿನಲ್ಲಿ ಮಾರುವವಳು, ಎರಡು ವರ್ಷದಿಂದ ಮಾರುತ್ತಿರುವುದು ಆ ಪೇಢಿಯದೇ ಚಾದರ, ವಹಿವಾಟು ಸಣ್ಣದಾದ್ದರಿಂದ ವ್ಯಾಟ್ ತೆರಿಗೆಯ ನೋಂದಣಿ ಇನ್ನೂ ಆಗಿಲ್ಲ, ತನ್ನ ಹೆಸರಲ್ಲಿ ಖಾತೆ ತೆರೆಯಬೇಕು ಎಂದಳು. ದರಪಟ್ಟಿ ಕೇಳಿದಳು. ಕಡಿಮೆಯೆಂದರೆ ಎಷ್ಟು ಮಾಲು ಎತ್ತಬೇಕು, ಒಂದು ತಿಂಗಳ ಉದ್ರಿ ಸಿಗುತ್ತದೆಯೇ ಎಂದೂ ಕೇಳಿದಳು. ನಂಬಿಕೆ ಬರಲಿ ಎಂದು ಪಾಸ್‌ಬುಕ್ಕಿನ ಝೆರಾಕ್ಸಿನ ಜೊತೆ ತಾನು ಮಾರಿದ ಚಾದರಗಳ ಫೋಟೊಗಳನ್ನೂ ಇಟ್ಟಳು.

ಉತ್ತರ ಅಂಚೆಯಲ್ಲಿ ಬರಲಿಲ್ಲ, ಫೋನ್ ಬಂತು. ಪೇಢಿಯ ಮಾಲೀಕ ಈಶ್ವರಪ್ಪ. ಜತ್ತಿನವಳೆಂದು ತಿಳಿದು ಕನ್ನಡದಲ್ಲೇ ಮಾತಾಡಿದ.

“ಅಕ್ಕಾರ, ಪತ್ರ ಮುಟ್ಟೇತಿ. ಆ ಫೋಟೊದಾಗಿನ ಚಾದರ ಒಂದು ತಗೊಂಡು ಇಲ್ಲಿಗೆ ಬರ್ತೀರೇನ್ರಿ?”

ಖಾತೆ ತೆರೆಯಲಿಕ್ಕೇ ಕರೆದಿದ್ದಾನೆಂದು ಅವಳು ಹೊಸ ಸೀರೆಯುಟ್ಟು ಜಮೀರನೊಂದಿಗೆ ಸೊಲ್ಲಾಪುರದ ಬಸ್ ಹತ್ತಿದಳು.

ಈಶ್ವರಪ್ಪ ಇಬ್ಬರಿಗೂ ಚಹಾ ತರಿಸಿದ. ಅವಳು ತಂದ ಚಾದರ ಬಿಡಿಸಿ, ಅದರ ಪಕ್ಕ ತನ್ನ ಗೋದಾಮಿನದೊಂದನ್ನು ಹಾಸಿದ. ಅದೇ ಬಣ್ಣ, ಅದೇ ಹೂವು, ಅದೇ ಪಟ್ಟಿ. ಎರಡರಿಂದಲೂ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟ. ಅವನ ಎಳೆ ಕಾಗದ ಸುಟ್ಟಂತೆ ನಾತ ಬಿಟ್ಟು ಬೂದಿಯಾಯಿತು. ಅವಳದು ಮುದುಡಿ, ಕರಗಿ, ತುದಿಯಲ್ಲಿ ಕಪ್ಪು ಗುಂಡಾಗಿ ನಿಂತಿತು.

“ನಮ್ಮದು ಪೂರಾ ಹತ್ತಿ. ಇದರಾಗ ಪಾಲಿಸ್ಟರ್ ಅದ. ನಮ್ಮ ಹೆಸರಿನ ಪಟ್ಟಿ ಯಾರೋ ಹೊರಗ ಛಾಪಿಸಿ ಹಚ್ಯಾರ” ಎಂದ. “ವಕೀಲರ ನೋಟೀಸ್ ಕಳಸೂದಿತ್ತು. ಆದರ ಗೊತ್ತಿದ್ದು ನಕಲಿ ಮಾಲು ಮಾರವರು ಫೋಟೊ ಹಚ್ಚಿ ನಮಗ ಪತ್ರ ಬರಿಯೂದಿಲ್ಲ ಅಂತ ಫೋನ್ ಮಾಡಿದೆ.”

ಮಲೀಕಾ ಪಾರ್ಸೆಲ್ ಹೋದ ಊರುಗಳನ್ನು ನೆನೆದಳು. ಪುಣೆ, ನಾಗಪುರ, ದಿಲ್ಲಿ, ಎಲ್ಲೆಲ್ಲಿಗೆ ಕಳಿಸಿದ್ದಳೋ. ಪ್ರತಿ ಫೋಟೊದ ಕೆಳಗೂ ‘ಅಸಲಿ’ ಎಂದು ತಾನೇ ಬರೆದಿದ್ದಳು. ಜಮೀರ ಆ ಕಪ್ಪು ಗುಂಡನ್ನು ಉಗುರಿನಿಂದ ಒತ್ತಿ ನೋಡಿದ. ಅರಿವೆಯಲ್ಲೇ ಬದುಕಿದವನು, ಅವನಿಗೂ ತಿಳಿದಿರಲಿಲ್ಲ.

“ಉದ್ರಿ ಮಾತು ಈಗ ಬ್ಯಾಡ್ರಿ” ಎಂದ ಈಶ್ವರಪ್ಪ. “ಈ ಮಾಲು ಇವತ್ತಿಗೇ ಬಂದ್ ಮಾಡ್ರಿ. ಖಾತೆ ತೆಗಿತೀನಿ. ಮೊದಲ ಮೂರು ಆರ್ಡರಿಗೆ ರೊಕ್ಕ ಮುಂಗಡ. ಆಮ್ಯಾಲ ಹದಿನೈದು ದಿನದ ಉದ್ರಿ, ಅದಕ್ಕ ಒಂದು ಚೆಕ್ ನಮ್ಮಲ್ಲಿ ಇರಬೇಕು. ಆಗಬಹುದೇನ್ರಿ?”

ಅವಳು ತಲೆಯಾಡಿಸಿದಳು.

ಮಾಮುವಿನ ಮನೆ ಮುಟ್ಟಿದಾಗ ಅವನು ಕಟ್ಟೆಯ ಮೇಲೆ ಗಂಟು ಕಟ್ಟುತ್ತಿದ್ದ. ಅವನಿಗೂ ಯಾರೋ ಮೋಸ ಮಾಡಿದ್ದಾರೆಂದೇ ಅವಳು ದಾರಿಯುದ್ದಕ್ಕೂ ಎಣಿಸಿದ್ದಳು.

“ಮಾಮು, ಆ ಚಾದರ ನಕಲಿ ಅಂತ.”

“ಹೌದು” ಎಂದ ಗುಲಾಬ, ಗಂಟಿನಿಂದ ತಲೆಯೆತ್ತದೆ. “ಆ ದರಕ್ಕ ಅಸಲಿ ಯಾರು ಕೊಡ್ತಾರ ಬೇಟಾ? ಸಂತ್ಯಾಗ ತಗೊಳ್ಳವರಿಗೂ ಗೊತ್ತಿರತದ. ನಿನಗೂ ಗೊತ್ತದ ಅಂತ ತಿಳಕೊಂಡಿದ್ದೆ.”

ಸೊಲ್ಲಾಪುರದಲ್ಲಿ ಬಡಿದ ಪೆಟ್ಟಿಗಿಂತ ಇದು ಜೋರಾಗಿ ಬಿತ್ತು. ಅವನ ದನಿಯಲ್ಲಿ ಸುಳ್ಳಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಎರಡು ವರ್ಷ ಅವನು ಅವಳನ್ನು ಈ ನಕಲಿ ವ್ಯಾಪಾರದ ಜೊತೆಗಾತಿಯೆಂದೇ ಎಣಿಸಿದ್ದ.

ಮರುದಿನ ಸೈಬರ್ ಕೆಫೆಯಲ್ಲಿ ಫೋಟೊಗಳನ್ನೆಲ್ಲ ತೆಗೆದುಹಾಕಿದಳು. ಕೊಂಡವರಿಗೆ ಒಬ್ಬೊಬ್ಬರಿಗೂ ಬರೆದಳು: ಚಾದರ ನಕಲಿ, ನನಗೆ ತಿಳಿದಿರಲಿಲ್ಲ, ವಾಪಸ್ ಕಳಿಸಿದರೆ ಹಣ ಕೊಡುತ್ತೇನೆ. ಕೆಲವರು ಕಳಿಸಿದರು, ಕೆಲವರು ಬೈದು ಬರೆದರು. ಹೆಚ್ಚಿನವರು ಉತ್ತರಿಸಲೇ ಇಲ್ಲ. ನಾಗಪುರದ ಒಬ್ಬಾಕೆ, ಅಷ್ಟು ಅಗ್ಗಕ್ಕೆ ಅಸಲಿ ಇರಲಾರದೆಂದು ನನಗೆ ಅವತ್ತೇ ಗೊತ್ತಿತ್ತು ಎಂದು ಬರೆದಳು. ಮಲೀಕಾ ಆ ಸಾಲನ್ನು ಬಹಳ ಹೊತ್ತು ನೋಡುತ್ತ ಕೂತಳು.

ಈಶ್ವರಪ್ಪನ ಮೊದಲ ಮಾಲಿನ ಮುಂಗಡಕ್ಕೆ ಜಮೀರ ತನ್ನ ಎರಡು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ಮಾರಿದ. ದರ ಏರಿದ್ದರಿಂದ ಗಿರಾಕಿಗಳು ಅರ್ಧಕ್ಕಿಳಿದರು. ಬೇಸಿಗೆ ಕಳೆಯುವಷ್ಟರಲ್ಲಿ ಮೂರು ಆರ್ಡರು ಮುಗಿದು ಹದಿನೈದು ದಿನದ ಉದ್ರಿ ಶುರುವಾಯಿತು. ಗುಲಾಬ ಮಾಮು ಈಗಲೂ ಹಬ್ಬಕ್ಕೆ ಬರುತ್ತಾನೆ. ಅವಳು ಊಟಕ್ಕೆ ಬಡಿಸುತ್ತಾಳೆ, ಊರ ಮಾತು ಆಡುತ್ತಾಳೆ. ವ್ಯಾಪಾರದ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.