ಐದು ಗಂಟೆಯವರೆಗೆ ಬಂದವರಿಗೆ

ಬನಶಂಕರಿ ಎರಡನೇ ಹಂತದ ಆ ಅಡ್ಡರಸ್ತೆಯಲ್ಲಿ ಸೀತಾಲಕ್ಷ್ಮಿಯವರ ಮ್ಯಾಚಿಂಗ್ ಸೆಂಟರ್ ಇಪ್ಪತ್ತಾರು ವರ್ಷ ಇತ್ತು. ಹತ್ತಡಿ ಅಗಲದ ಅಂಗಡಿ. ಮೂರೂ ಗೋಡೆಗೆ ನೆಲದಿಂದ ಸೂರಿನವರೆಗೆ ಬ್ಲೌಸ್ ಪೀಸು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎದುರುಮನೆಯ ಹೊಂಗೆಮರದಿಂದ ಸೋಸಿ ಬಂದ ಬಿಸಿಲು ಬಣ್ಣಗಳ ಮೇಲೆ ನಿಧಾನ ತೆವಳುತ್ತಿತ್ತು. ಅದನ್ನೇ ನೋಡುತ್ತಾ ಅವರಿಗೆ ಜೊಂಪು ಹತ್ತುತ್ತಿತ್ತು. ಜೊಂಪಿನಲ್ಲಿ ಗೋಡೆಗಳು ನೀರಿನಂತೆ ಅಲುಗುತ್ತಿದ್ದವು. ಯಾರೋ "ಆಂಟಿ" ಎಂದರೆ ಎಷ್ಟೋ ಆಳದಿಂದ ಎದ್ದು ಬಂದ ಹಾಗೆ ಎಚ್ಚರವಾಗುತ್ತಿತ್ತು.

ಕಟ್ಟಡದ ಮಾಲೀಕ ಬೈಲಪ್ಪನವರು ಎಲ್ಲ ಕೆಡವಿ ಹೊಸದು ಕಟ್ಟಲು ಹೊರಟಾಗ ಸೀತಾಲಕ್ಷ್ಮಿಗೆ ಅರವತ್ತಮೂರು. ಬೇರೆ ಕಡೆ ಅಂಗಡಿ ಹಿಡಿಯುವ ಮನಸ್ಸಾಗಲಿಲ್ಲ. ತಂಗಿಯ ಮಗಳು ಸಮನ್ವಿತಾ ಬಂದು, ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನು ಫೋನಿನಲ್ಲಿ ಬರೆದಳು.

"ಅಂಗಡಿ ಮುಚ್ಚುತ್ತಿದ್ದೇವೆ. ಉಳಿದಿರುವುದು: ಟು ಬೈ ಟು ಬ್ಲೌಸ್ ಪೀಸ್ ಸುಮಾರು ನಾನ್ನೂರು, ಶೇಕಡಾ ನಲವತ್ತು ರಿಯಾಯಿತಿ. ಲೈನಿಂಗ್, ಫಾಲ್ಸ್ ಶೇಕಡಾ ಮೂವತ್ತು. ಲೇಸ್, ಗುಂಡಿ, ಹುಕ್ಕು ಅರ್ಧ ಬೆಲೆ. ಗಾಜಿನ ಕೌಂಟರ್, ರ‍್ಯಾಕ್‌ಗಳಿಗೆ ರಿಯಾಯಿತಿ ಇಲ್ಲ, ಗಾಡಿ ನೀವೇ ತರಬೇಕು. ಅಂಗಡಿಗೇ ಬಂದು ಒಯ್ಯಬೇಕು, ಡೆಲಿವರಿ ಇಲ್ಲ. ಬದಲಾವಣೆ, ವಾಪಸ್ ಇಲ್ಲ. ಅಡ್ವಾನ್ಸ್ ಕೊಟ್ಟವರಿಗೆ ಮಾತ್ರ ತೆಗೆದಿಡುತ್ತೇವೆ. ಭಾನುವಾರ ಸಂಜೆ ಐದರವರೆಗೆ. ಆಮೇಲೆ ಉಳಿದದ್ದೆಲ್ಲ ಒಟ್ಟಿಗೆ ಒಬ್ಬರಿಗೇ."

"ಬಣ್ಣದ ಹೆಸರು ಹಾಕೇ," ಎಂದರು ಸೀತಾಲಕ್ಷ್ಮಿ. "ಗಿಣಿಹಸಿರು, ಬದನೆಕಾಯಿ, ಆನಂದ ನೀಲಿ, ದಾಳಿಂಬೆ ಸಿಪ್ಪೆ."

"ದೊಡ್ಡಮ್ಮಾ, ಇದು ಲಿಸ್ಟು. ಉದ್ದ ಆದ್ರೆ ಯಾರೂ ಓದಲ್ಲ." ಆದರೂ ಹಾಕಿದಳು.

ಪೋಸ್ಟು ಬಡಾವಣೆಯ ಗುಂಪಿನಿಂದ ಗುಂಪಿಗೆ ಹೋಯಿತು. ನಾಲ್ಕು ದಿನ ಅಂಗಡಿ ತುಂಬಿ ತುಳುಕಿತು. ಶುಕ್ರವಾರ ತಲಘಟ್ಟಪುರದ ಅಂಜನಮ್ಮ ಎಂಬವರ ವಾಯ್ಸ್ ಮೆಸೇಜ್ ಫೋನಿಗೆ ಬಂತು: "ದಾಳಿಂಬೆ ಸಿಪ್ಪೆ ಅಂತ ಬರ್ದಿದ್ದೀರಲ್ಲಕ್ಕಾ, ಅದೊಂದು ನಂಗೆ ಮಡಗಿ. ಸೊಸೆ ಸೀಮಂತದ ಸೀರೆಗೆ ಬೇಕು. ಬತ್ತೀನಿ." ಅಡ್ವಾನ್ಸ್ ಬರಲಿಲ್ಲ. ಯಾವತ್ತು ಬರುತ್ತಾರೆಂದೂ ಹೇಳಲಿಲ್ಲ. ಜನರ ಗದ್ದಲದಲ್ಲಿ ಸೀತಾಲಕ್ಷ್ಮಿಯವರಿಗೆ ಅದು ಮರೆತೇಹೋಯಿತು.

ಉಳಿದದ್ದನ್ನೆಲ್ಲ ಕೊಳ್ಳಲು ಸುದ್ದಗುಂಟೆಪಾಳ್ಯದ ಟೈಲರ್ ಗುರುಬಸಪ್ಪ ಒಪ್ಪಿದ್ದರು. ಭಾನುವಾರ ಐದಕ್ಕೆ ಸರಿಯಾಗಿ ಹಣ ಕೊಟ್ಟು, ಬಟ್ಟೆಯನ್ನು ಆರು ಗಂಟು ಕಟ್ಟಿ ಟೆಂಪೋಗೆ ಏರಿಸಿದರು. ಐದೂಕಾಲರ ಹೊತ್ತಿಗೆ ದಪ್ಪನೆಯ ಹೆಂಗಸೊಬ್ಬರು ಬೆವರುತ್ತಾ ಬಂದು ಬರಿದಾದ ರ‍್ಯಾಕಿನ ಮುಂದೆ ನಿಂತರು. ಕೈಯಲ್ಲಿ ಸೀರೆಯ ಚೀಲ.

"ಮೆಟ್ರೋ ಇಳ್ದು ದಾರಿ ತಪ್ಪೋಯ್ತಕ್ಕಾ. ನಾನು ಅಂಜನಮ್ಮ."

ಸೀತಾಲಕ್ಷ್ಮಿಗೆ ಆ ದನಿ ನೆನಪಾಯಿತು. ನಾಚಿಕೆಯೂ ಆಯಿತು. "ಐದಕ್ಕೆ ಮುಗಿದೋಯ್ತಮ್ಮಾ. ಈಗ ಮಾಲು ಅವರದ್ದು," ಎಂದು ಟೆಂಪೋ ಕಡೆ ತೋರಿಸಿದರು. ಅಂಜನಮ್ಮ ಚೀಲದಿಂದ ಸೀರೆಯ ಸೆರಗನ್ನು ಹೊರಗೆಳೆದರು. ಅದರ ಬಣ್ಣ ನೋಡಿದ್ದೇ ಸೀತಾಲಕ್ಷ್ಮಿ ಟೆಂಪೋ ಬಳಿಗೆ ನಡೆದರು.

"ಗುರುಬಸಪ್ಪನವರೇ, ದಾಳಿಂಬೆ ಸಿಪ್ಪೆ ಪೀಸೊಂದು ಬೇಕಿತ್ತು. ಕೊಟ್ಟ ಮೇಲೆ ಕೇಳೋ ಹಕ್ಕು ನನಗಿಲ್ಲ."

"ಯಾವ ಗಂಟಲ್ಲಿದೆ ಮೇಡಂ?"

"ಗೊತ್ತಿಲ್ಲ."

ಗುರುಬಸಪ್ಪ ಆಕಾಶ ನೋಡಿದರು, ಗಂಟುಗಳನ್ನು ನೋಡಿದರು. "ಬೆಳಕು ಹೋಗೋದ್ರೊಳಗೆ ಹುಡುಕ್ಬೇಕು. ಟ್ಯೂಬ್‌ಲೈಟಲ್ಲಿ ಈ ಕಲರ್ ಸಿಕ್ಕಲ್ಲ," ಎಂದು ತಾವೇ ಮೊದಲ ಗಂಟು ಬಿಚ್ಚಿದರು.

ಫುಟ್‌ಪಾತಿನ ಮೇಲೆ ಗಂಟಿನ ಬೆಡ್‌ಶೀಟ್ ಹಾಸಿ ಮೂವರೂ ಕೂತರು. ಒಂದೊಂದೇ ಪೀಸನ್ನು ಬಿಸಿಲಿಗೆ ಹಿಡಿದು, ಹತ್ತಿರದ ಬಣ್ಣವಾದರೆ ಸೀರೆಗಿಟ್ಟು, ಪಕ್ಕಕ್ಕೆ ಹಾಕಿದರು. ಇಳಿಬಿಸಿಲು ಬೀದಿಯುದ್ದಕ್ಕೂ ಜೇನಿನಂತೆ ಹರಿದಿತ್ತು. ಸುತ್ತ ಹಸಿರು, ನೀಲಿ, ಕೇಸರಿ ಗುಡ್ಡೆಗಳು ಬೆಳೆದವು. ಸ್ಕೂಟರಿನವರು ನಿಧಾನಿಸಿ ನೋಡಿಕೊಂಡು ಹೋದರು. ಸೀತಾಲಕ್ಷ್ಮಿಗೆ ತಾನು ಕೂತಿರುವುದು ಎಚ್ಚರದಲ್ಲೋ ಮಧ್ಯಾಹ್ನದ ಆ ಜೊಂಪಿನಲ್ಲೋ ತಿಳಿಯಲಿಲ್ಲ. ಇಷ್ಟು ವರ್ಷ ಗೋಡೆಗೆ ಒತ್ತಿಕೊಂಡಿದ್ದ ಬಣ್ಣಗಳು ಮೊದಲ ಸಲ ಬೀದಿಗೆ ಬಂದು ಕಾಲು ಚಾಚಿದ ಹಾಗಿತ್ತು.

ಐದನೇ ಗಂಟಿನಲ್ಲಿ ಅದು ಸಿಕ್ಕಿತು. ಕೆಂಪಲ್ಲ, ಕಂದಲ್ಲ. ಸೆರಗಿನ ಮೇಲಿಟ್ಟರೆ ಎಲ್ಲಿ ಸೀರೆ ಮುಗಿದು ಎಲ್ಲಿ ಪೀಸು ಶುರುವಾಯಿತೆಂದು ಗೊತ್ತಾಗಲಿಲ್ಲ.

"ಅಯ್ಯೋ ದೇವ್ರೇ," ಎಂದು ಅಂಜನಮ್ಮ ಎರಡೂ ಕೈಯಲ್ಲಿ ಅದನ್ನು ಕೆನ್ನೆಗೊತ್ತಿಕೊಂಡರು. ದುಡ್ಡು ತೆಗೆದರೆ ಗುರುಬಸಪ್ಪ ಬೇಡವೆಂದರು. "ಹೊಲಿಸೋಕೆ ನನ್ನ ಹತ್ರಾನೇ ಬನ್ನಿ ಅಕ್ಕಾ, ಸಾಕು."

ಮೂವರೂ ಸೇರಿ ಮತ್ತೆ ಮಡಿಸಿದರು. ಟೆಂಪೋ ಹೊರಟಾಗ ಬೀದಿದೀಪ ಹತ್ತಿತ್ತು. ಸೀತಾಲಕ್ಷ್ಮಿ ಮಹಡಿ ಹತ್ತಿ ಬೈಲಪ್ಪನವರಿಗೆ ಬೀಗದಕೈ ಕೊಟ್ಟು ಬಂದರು. ಅಂಜನಮ್ಮ ಇನ್ನೂ ಅಲ್ಲೇ ನಿಂತಿದ್ದರು.

"ಮೆಟ್ರೋ ಯಾವ ಕಡೆ ಅಕ್ಕಾ?"

"ಬನ್ನಿ, ನಾನೂ ಆ ಕಡೆನೇ," ಎಂದರು ಸೀತಾಲಕ್ಷ್ಮಿ. ಅವರ ಮನೆ ಇದ್ದದ್ದು ಅದರ ಎದುರು ದಿಕ್ಕಿಗೆ. ಆದರೂ ಆ ಸಂಜೆ ನಡೆಯಬೇಕೆನಿಸಿತ್ತು.