ಆರು ಪತ್ರಿಕೆಗೆ ಏಳರ ಭಾಗಾಕಾರ

ದರ್ಜಿ ಅಕ್ಕ ಕಾಲೇಜು ಕಚೇರಿಯ ಮೇಲೆ ದಂಡೆತ್ತಿ ಹೋದದ್ದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ. ಆಯುಧಗಳು: ಒಂದು ಪ್ಲಾಸ್ಟಿಕ್ ಫೈಲು, ಕೊರಳಿಂದ ತೆಗೆಯಲು ಮರೆತ ಅಳತೆ ಟೇಪು. ಹಗಲು ಹೊಲಿದು, ಸಂಜೆ ಕಾಲೇಜಿಗೆ ಹೋಗಿ, ಮೂವತ್ತೊಂಬತ್ತಕ್ಕೆ ಪದವಿ ಮುಗಿಸಿದ ಹೆಂಗಸು ಆಕೆ. ಶಿಕ್ಷಕರ ತರಬೇತಿಗೆ ಸೇರಬೇಕು. ಅದಕ್ಕೆ ಕೊನೆಯ ವರ್ಷದಲ್ಲಿ ಶೇಕಡಾ ಐವತ್ತೈದು ಬೇಕು. ಅರ್ಜಿಗೆ ಅಂದೇ ಐದು ಗಂಟೆ ಕೊನೆ.

ಆರು ಪತ್ರಿಕೆಗೆ ಆರುನೂರರಲ್ಲಿ ಮುನ್ನೂರ ಇಪ್ಪತ್ತೆರಡು ಬಂದಿತ್ತು. ಅರ್ಥಶಾಸ್ತ್ರದ ನಲವತ್ತೊಂದು ಮರುಮೌಲ್ಯಮಾಪನದಲ್ಲಿ ಐವತ್ತೆಂಟಾಯಿತು. ಒಟ್ಟು ಶೇಕಡಾವಾರು ಹೊಸದಾಗಿ ಲೆಕ್ಕ ಹಾಕಿಕೊಡಿ ಎಂದು ಅಕ್ಕ ಪತ್ರ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಹತ್ತು ದಿನವಾಗಿತ್ತು. ಈಗ ಕೈಗೆ ಸಿಕ್ಕ ಪ್ರಮಾಣಪತ್ರದಲ್ಲಿ 54.28 ಎಂದಿತ್ತು.

"ಮೊದಲು ಐವತ್ಮೂರು ಚಿಲ್ಲರೆ ಇತ್ತು. ಏರಿದೆಯಲ್ಲಮ್ಮ, ಇನ್ನೇನು ಬೇಕು?" ಎಂದರು ಗುಮಾಸ್ತರು, ದಾನಶೂರನ ಠೀವಿಯಲ್ಲಿ.

"ಹೇಗೆ ಏರಿಸಿದ್ರಿ, ತೋರಿಸಿ."

ಮೂವತ್ತು ವರ್ಷದಿಂದ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಗುಮಾಸ್ತರು ರಿಜಿಸ್ಟರು ಬಿಚ್ಚಿದರು. ದಾಖಲೆಯಲ್ಲಿ ಒಮ್ಮೆ ಬರೆದದ್ದನ್ನು ಹೊಡೆದುಹಾಕುವಂತಿಲ್ಲ ಎಂಬುದು ಅಲ್ಲಿಯ ಕಟ್ಟುನಿಟ್ಟು. ಹಾಗಾಗಿ ಹಳೆಯ ನಲವತ್ತೊಂದು ಇದ್ದಲ್ಲೇ ಇತ್ತು; ಹೊಸ ಐವತ್ತೆಂಟು ಕೆಳಗೆ ಕೆಂಪು ಶಾಯಿಯಲ್ಲಿ ಕೂತಿತ್ತು. ಅವರು ಇದ್ದಬದ್ದ ಸಾಲುಗಳನ್ನೆಲ್ಲ ಕೂಡಿ, ಮುನ್ನೂರ ಎಂಬತ್ತನ್ನು ಏಳುನೂರಕ್ಕೆ ಲೆಕ್ಕ ಹಾಕಿದ್ದರು.

"ನಾನು ಬರೆದದ್ದು ಆರು ಪತ್ರಿಕೆ, ಸಾರ್. ಏಳನೇದು ನೀವು ಬರೆದ್ರಾ?"

ಸಾಲಿನಲ್ಲಿ ಹಿಂದೆ ನಿಂತವರು ಕಿಸಕ್ಕೆಂದರು.

"ಎರಡೂ ದಾಖಲಾಗಿದೆಯಮ್ಮ."

"ತೋಳು ಸರಿಯಿಲ್ಲ ಅಂತ ಬಿಚ್ಚಿ ಬೇರೆ ತೋಳು ಹೊಲಿದ್ರೆ, ಅಂಗಿಗೆ ಮೂರು ತೋಳಾಯ್ತು ಅಂತೀರಾ?"

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಸ್ವಚ್ಛವಾಗಿಯೇ ಇತ್ತು. "ಸರಿ, ಇನ್ನೊಂದು ಅರ್ಜಿ ಬರೆದುಕೊಟ್ಟು ಸೋಮವಾರ ಬನ್ನಿ."

"ಬರೆಯಲ್ಲ. ತಪ್ಪು ನಿಮ್ಮದು, ಅರ್ಜಿ ನನ್ನದಾ? ನನ್ನ ಪತ್ರ ಅಲ್ಲೇ ಇದೆ, ನಿಮ್ಮ ಮೊಹರೂ ಇದೆ. ಸೋಮವಾರ ನನಗೆ ಸೀಟು ಇರಲ್ಲ. ನಾನು ಇಲ್ಲೇ ಇರ್ತೀನಿ."

ಇರುವುದೆಂದರೆ ಕೌಂಟರಿನ ಕಿಟಕಿಯನ್ನು ಪೂರ್ತಿ ತುಂಬಿಕೊಂಡು ಇರುವುದು. ಸಾಲು ಬಾಗಿಲಾಚೆಗೆ ಬೆಳೆಯಿತು. ಗದ್ದಲಕ್ಕೆ ಎದ್ದು ಬಂದ ಸೂಪರಿಂಟೆಂಡೆಂಟ್ ಮೇಡಂ ಪತ್ರ ಓದಿದರು, ರಿಜಿಸ್ಟರು ನೋಡಿದರು, ನಿಂತಲ್ಲೇ ಕೂಡಿದರು.

"ಹಳೇ ಸಾಲು ಇರಲಿ ರೀ, ಕೂಡೋದು ಯಾಕೆ? ನಲವತ್ತೊಂದು ಬಿಡಿ, ಐವತ್ತೆಂಟು ಹಿಡೀರಿ. ಮುನ್ನೂರ ಮೂವತ್ತೊಂಬತ್ತು, ಆರುನೂರಕ್ಕೆ. ಐವತ್ತಾರೂವರೆ. ಈಗಲೇ ಹೊಸದು ಟೈಪ್ ಮಾಡಿ, ಪ್ರಿನ್ಸಿಪಾಲರ ಸಹಿ ನಾನೇ ತರ್ತೀನಿ."

ನಾಲ್ಕೂಕಾಲಿಗೆ ಪ್ರಮಾಣಪತ್ರ ಕಿಟಕಿಯಿಂದ ಹೊರಬಂತು. ಅಕ್ಕ ಅದನ್ನು ಕಟ್ಟೆಯ ಮೇಲಿಟ್ಟು, ಪೆನ್ನು ತೆಗೆದು, ಅದರಲ್ಲಿದ್ದ ಆರೂ ಪತ್ರಿಕೆಗಳ ಅಂಕಗಳನ್ನು ಅಂಗೈ ಮೇಲೆ ನಿಧಾನವಾಗಿ ಕೂಡತೊಡಗಿದಳು.

"ಸರಿ ಇದೆಯಮ್ಮ, ಹೋಗಿ. ಹೊತ್ತಾಗಲ್ವಾ?" ಎಂದರು ಗುಮಾಸ್ತರು.

"ಆಗ್ಲಿ ಸಾರ್," ಎಂದಳು ಅಕ್ಕ, ತಲೆ ಎತ್ತದೆ. "ಇನ್ನೂ ನಾಲ್ಕನೇ ಪತ್ರಿಕೇಲಿದೀನಿ."