ಚೆಂದದ ಅಕ್ಷರ ಬರುವವರೆಗೆ

ಆ ವೆಬ್‌ಸೈಟಿನ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ. ಆಗ ನಾನು ತಿರುವನಂತಪುರದ ಒಂದು ಸರಕಾರಿ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಕಡಲಿನಲ್ಲಿ ಗಾಳಿ ಏಳುವ ಸೂಚನೆಯಿದ್ದರೆ ಮೀನುಗಾರರಿಗೆ ಮಲಯಾಳದಲ್ಲಿ ತಿಳಿಸುವ ಪುಟ ಅದು. ವಿಳಿಂಜಂ ಮೀನುಗಾರಿಕೆ ಬಂದರಿನ ಮಾಹಿತಿ ಕೇಂದ್ರದಲ್ಲಿದ್ದ ಚೇಚಿ, ಮಲಯಾಳದಲ್ಲಿ ಅಕ್ಕನನ್ನು ಕರೆಯುವುದು ಹಾಗೆ, ಪ್ರತಿ ಮಧ್ಯಾಹ್ನ ಅದನ್ನು ತೆರೆದು, ದೋಣಿಗಳು ಹೊರಡುವ ಮೊದಲು ಮೈಕಿನಲ್ಲಿ ಓದಬೇಕು. ಅವಳ ಗಂಡನೂ ದೋಣಿಗೆ ಹೋಗುವವನೇ.

ಪುಟವನ್ನು ಮಾಡಿದ್ದು ಕೊಚ್ಚಿಯ ಒಂದು ಕಂಪನಿಯ ಡಿಸೈನರ್. ಅವನ ಅಪ್ಪ ಬ್ಯಾಂಕಿನಲ್ಲಿದ್ದ ಕನ್ನಡದವರು; ಹುಡುಗ ಕೊಚ್ಚಿಯಲ್ಲೇ ಬೆಳೆದವನು. ನಾನು ಕನ್ನಡದಲ್ಲಿ ಬೈದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಮಲಯಾಳ ತೋರಿಸುವ ಹಳೇ ರೀತಿಯ ಒಂದು ಅಲಂಕಾರದ ಫಾಂಟ್ ಆರಿಸಿ, ಅದು ಪುಟದ ಜೊತೆಗೇ ಇಳಿದು ಬರುವಂತೆ ಮಾಡಿದ್ದ. ಆ ಫಾಂಟ್ ಪೂರ್ತಿ ಇಳಿಯುವವರೆಗೆ ತೆರೆಯ ಮೇಲೆ ಕಾಣುವುದು ಇಂಗ್ಲಿಷ್ ಅಕ್ಷರ, ಬ್ರಾಕೆಟ್, ಡಾಲರ್ ಚಿಹ್ನೆಗಳ ಕಲಸುಮೇಲೋಗರ. ಕೊಚ್ಚಿಯಲ್ಲಿ ಅವನ ಯಂತ್ರದಲ್ಲಿ ಫಾಂಟ್ ಮೊದಲೇ ಹಾಕಿಟ್ಟದ್ದರಿಂದ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಅದನ್ನೇ ನೋಡಿ ನಮ್ಮ ವಿಭಾಗದ ಮುಖ್ಯಸ್ಥರಾದ ಸಾರ್ ಒಪ್ಪಿಗೆ ಕೊಟ್ಟುಬಿಟ್ಟರು.

ವಿಳಿಂಜಂನಲ್ಲಿದ್ದದ್ದು ಫೋನ್ ಲೈನಿನ ಮೇಲೆ ತೆವಳುವ ಮೋಡೆಮ್. ಫಾಂಟ್ ಅರ್ಧ ಇಳಿಯುವಾಗ ಲೈನ್ ಕಡಿಯುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಚೇಚಿ ಇಂಟರ್ನೆಟ್ ಬಿಟ್ಟು ನನಗೆ ಫೋನ್ ಮಾಡುವಳು. ನಾನು ಓದಿ ಹೇಳುವೆ, ಅವಳು ಬರೆದುಕೊಂಡು ಮೈಕಿನಲ್ಲಿ ಹೇಳುವಳು. ಇದೂ ಒಂದು ವೆಬ್‌ಸೈಟೇ?

ಸರಿಪಡಿಸಲು ಕೊಚ್ಚಿಯಲ್ಲಿ ಸಭೆ ಕರೆಸಿದೆ. ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಎ.ಸಿ. ಕೋಣೆ, ಗೋಡೆಯ ಮೇಲೆ ಅದೇ ಪುಟ ದೊಡ್ಡದಾಗಿ ಹೊಳೆಯುತ್ತಿತ್ತು. ನಾನೆಂದೆ: ಪಠ್ಯವನ್ನೆಲ್ಲ ಯಾವ ಫಾಂಟಿನಲ್ಲೂ ಮಲಯಾಳವಾಗಿಯೇ ಕಾಣುವ ಯುನಿಕೋಡಿಗೆ ಬದಲಿಸಿ, ಫಾಂಟುಗಳ ಪಟ್ಟಿಯಲ್ಲಿ ಮೊದಲು ಹೊಸ ವಿಂಡೋಸಿನ ಜೊತೆಗೇ ಬರುವ ಕಾರ್ತಿಕ, ನಂತರ ಲಿನಕ್ಸ್ ಯಂತ್ರಗಳಿಗೆ ರಚನ, ಅದೂ ಇಲ್ಲದಿದ್ದರೆ ಯಂತ್ರದಲ್ಲಿ ಇದ್ದದ್ದು ಯಾವುದಾದರೂ ಸಾಕು. ಬ್ರೌಸರ್ ಪಟ್ಟಿಯ ಮೊದಲಿನಿಂದ ನೋಡುತ್ತಾ ಹೋಗಿ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ಫಾಂಟ್ ಇಳಿಸುವ ಮಾತೇ ಇಲ್ಲ. ವಿಳಿಂಜಂ ಕೇಂದ್ರದವರು ದಿನಾ ಓದುವ ಅಕ್ಷರವೂ ಅದೇ.

ಡಿಸೈನರ್ ಮುಖ ಸಿಂಡರಿಸಿ, ಹಾಗಾದರೆ ಅದು ಯಾವುದೋ ಆಫೀಸಿನ ಸರ್ಕ್ಯುಲರ್ ಥರ ಕಾಣುತ್ತದೆ ಎಂದ, ಇಂಗ್ಲಿಷಿನಲ್ಲಿ.

"ಎಂತ ಮಾರಾಯ, ಕಡಲಿಗೆ ಹೋಗುವವರು ಅಂದ ನೋಡ್ಲಿಕ್ಕೆ ಬರ್ತಾರಾ? ಓದ್ಲಿಕ್ಕೆ ಬೇಕಲ್ವಾ ಅವರಿಗೆ?" ಎಂದೆ.

ಸಾರ್ ನಡುವೆ ಬಂದರು. "ಸರಕಾರದ ಪುಟಕ್ಕೊಂದು ಘನತೆ ಬೇಕಲ್ಲ, ಮೇಡಂ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಅಷ್ಟರಲ್ಲಿ ಗಾಳಿಯ ಎಚ್ಚರಿಕೆ ಬಂದಿದೆಯೆಂದು ನಮ್ಮ ಕಚೇರಿಯಿಂದ ಫೋನ್ ಬಂತು. ಸಭೆಯಿಂದ ಎದ್ದು ಹೊರಗೆ ಬಂದು ವಿಳಿಂಜಂಗೆ ಫೋನ್ ಮಾಡಿದೆ. ಲೈನ್ ಎಂಗೇಜ್. ಮತ್ತೆ ಮಾಡಿದೆ, ಮತ್ತೆ ಎಂಗೇಜ್. ಆ ಕೇಂದ್ರಕ್ಕೆ ಇದ್ದದ್ದು ಒಂದೇ ಲೈನು. ಮೋಡೆಮಿಗೂ ಅದೇ, ಫೋನಿಗೂ ಅದೇ. ಇವತ್ತಾದರೂ ಬಂದೀತು ಎಂದು ಚೇಚಿ ಆ ದರಿದ್ರ ಫಾಂಟಿಗಾಗಿ ಕಾಯುತ್ತಿದ್ದಳು. ಅವಳು ಕಾಯುತ್ತಿದ್ದದ್ದಕ್ಕೇ ನಾನು ಅವಳಿಗೆ ಸಿಗಲಿಲ್ಲ. ದೋಣಿಗಳು ಹೊರಟುಹೋದವು.

ಎಲ್ಲರೂ ಜೀವಸಹಿತ ಮರಳಿದರು. ಚೇಚಿಯ ಗಂಡನ ಬಲಗೈ ಮಾತ್ರ ಮುರಿದಿತ್ತು.

ನಾನು ವರದಿ ಬರೆಯಲಿಲ್ಲ. ಸಾರ್ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ವಿಳಿಂಜಂಗೆ ಹೋದೆ, ಚೇಚಿಯ ಕುರ್ಚಿಯಲ್ಲೇ ಕೂರಿಸಿ ಪುಟ ತೆರೆದೆ. ಮೋಡೆಮ್ ಕಿರುಚಿತು. ತೆರೆಯ ತುಂಬ ಬ್ರಾಕೆಟ್ಟು, ಡಾಲರು. ಹಿಂದೆ ಐದಾರು ಜನ ದೋಣಿಯವರು ಬಂದು ನಿಂತರು, ಕೈಗೆ ಬ್ಯಾಂಡೇಜು ಕಟ್ಟಿಕೊಂಡ ಚೇಚಿಯ ಗಂಡನೂ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಎಂತ ಬರೆದಿದೆ ಸಾರ್? ಓದಿ ಹೇಳಿ. ಹೋಗಬಹುದಾ ಇವತ್ತು?"

ಸಾರ್ ತೆರೆಯನ್ನು ನೋಡಿದರು, ನನ್ನನ್ನು ನೋಡಿದರು. ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಒರೆಸಿದರೂ ಅದು ಡಾಲರೇ.

ವಾರದೊಳಗೆ ಪುಟ ಬದಲಾಯಿತು. ಅವತ್ತು ನಾನು ಬೇಕೆಂದೇ ಚೇಚಿಯ ಪಕ್ಕ ನಿಂತಿದ್ದೆ. ಕ್ಲಿಕ್ ಮಾಡಿದಳು, ಅಕ್ಷರಗಳು ಬಂದವು, ಅವಳ ಕಚೇರಿ ಪತ್ರಗಳಲ್ಲಿರುವಂಥ ಸಾದಾ ಅಕ್ಷರಗಳು. ಚೆಂದವಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಕ್ಷರದ ಕಡೆ ಅವಳ ಗಮನವೇ ಇರಲಿಲ್ಲ. ಮೊದಲ ಸಾಲು ಓದಿದವಳೇ ಮೈಕ್ ಕೈಗೆತ್ತಿಕೊಂಡು, "ಇವತ್ತು ಯಾರೂ ಹೋಗಬೇಡಿ" ಎಂದಳು.